ಛಂದಸ್ಸಿನ ನಾಲ್ಕು ಹಾಳೆ

ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ದೂರಶಿಕ್ಷಣದ ಕನ್ನಡ ಎಂ.ಎ.ಗೆ ಸೇರಿದೆ. ನ್ಯಾಮತಿ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ಆಗ ನಾನು ಹೆಡ್ ಕಾನ್ಸ್‌ಟೇಬಲ್. ಹೆಸರಿಗೆ ಹೆಡ್ ಕಾನ್ಸ್‌ಟೇಬಲ್ ಆದರೂ ನನ್ನ ಕೆಲಸವೆಲ್ಲ ಕಂಪ್ಯೂಟರ್ ಮುಂದೆ. ಬಂದವರು ಹೇಳಿದ ದೂರನ್ನು ಕೇಳಿ, ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿ ಟೈಪ್ ಮಾಡುವುದು. ಹದಿನೈದು ವರ್ಷ ಅದನ್ನೇ ಮಾಡಿದ ಮೇಲೆ ಒಂದು ದಿನ, ಬೇರೆ ಥರದ ಕನ್ನಡವನ್ನೂ ಸ್ವಲ್ಪ ಓದೋಣ ಅನ್ನಿಸಿತು. ಅಷ್ಟೇ ಕಾರಣ. ಬಡ್ತಿ ಸಿಗುತ್ತದೆಂದು ಸೇರಿದೆ ಎಂದು ಜನ ಅಂದುಕೊಂಡರು. ನಾನು ಯಾರಿಗೂ ಇಲ್ಲ ಎನ್ನಲು ಹೋಗಲಿಲ್ಲ.

ಭಾನುವಾರದ ಸಂಪರ್ಕ ತರಗತಿಗಳು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ನಡೆಯುತ್ತಿದ್ದವು. ನಾವು ಇಪ್ಪತ್ತೆರಡು ಮಂದಿ. ಹೆಚ್ಚಿನವರು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಕೆಲವರು ಗುಮಾಸ್ತರು. ಅವರೆಲ್ಲರ ನಡುವೆ ನನಗೆ ಹತ್ತಿರವಾದವರು ಇಬ್ಬರು. ಒಬ್ಬಳು ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಅಂಗನವಾಡಿ ಟೀಚರ್. ಮೂವತ್ತು ದಾಟಿರಲಿಲ್ಲ, ನನ್ನನ್ನು ಮೊದಲ ದಿನದಿಂದಲೇ ಅಕ್ಕಾ ಎಂದು ಕರೆದಳು. ಇನ್ನೊಬ್ಬರು ಜಗಳೂರಿನವರು, ಬಸ್ ಕಂಡಕ್ಟರ್. ನಿವೃತ್ತಿಗೆ ಐದು ವರ್ಷವಿತ್ತು. ದಾವಣಗೆರೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಬರಲು ಅವರಿಗೆ ಮೂರು ಗಂಟೆಯಾದರೂ ಬೇಕಿತ್ತು. ಆದರೂ ನಮಗೆಲ್ಲರಿಗಿಂತ ಮೊದಲು ಬಂದು ಮೊದಲ ಬೆಂಚಿನಲ್ಲಿ ಕೂತಿರುತ್ತಿದ್ದರು. ನಾವಿಬ್ಬರೂ ಅವರನ್ನು ಅಣ್ಣಾರೆ ಎನ್ನುತ್ತಿದ್ದೆವು.

ಮೊದಲ ವರ್ಷದ ಪತ್ರಿಕೆಗಳಲ್ಲಿ ಎಲ್ಲರೂ ಹೆದರಿದ್ದು ಛಂದಸ್ಸಿಗೆ. ಗುರು, ಲಘು, ಮಾತ್ರೆ, ಗಣ ಇವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೆವು, ಮರೆತಿದ್ದೆವು. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ಉದ್ದದ್ದು, ಅಥವಾ ಒತ್ತಕ್ಷರದ ಹಿಂದಿನದ್ದು ಗುರು, ಅದಕ್ಕೆ ಎರಡು. ಅಲ್ಲಿಯವರೆಗೆ ಸರಿ. ಆಮೇಲೆ ಕಂದ, ರಗಳೆ, ಷಟ್ಪದಿ, ವೃತ್ತ ಎಂದು ಶುರುವಾದರೆ ತಲೆ ಗಿರ್ರೆನ್ನುತ್ತಿತ್ತು. ನಮ್ಮ ಅಂಗನವಾಡಿ ಟೀಚರ್ ಹಿಂದಿನ ಸಲ ಇದೇ ಪತ್ರಿಕೆಯಲ್ಲಿ ಫೇಲಾಗಿ ಮತ್ತೆ ಕಟ್ಟಿದ್ದಳು. ಕೊನೆಯ ತರಗತಿಗಿಂತ ಒಂದು ತಿಂಗಳು ಮೊದಲು ಅವಳು ಊಟದ ಡಬ್ಬಿ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದಳು.

"ಏನಾತವ್ವ?" ಎಂದು ಅಣ್ಣಾರು ಕೇಳಿದರು.

"ಪುಸ್ತಕ ತೆಗುದ್ರೆ ಎಲ್ಲಾ ತಿಳಿದಂಗೆ ಆಕೈತಿ ಅಣ್ಣಾರೆ. ಮುಚ್ಚಿದ್ರೆ ಒಂದೂ ಉಳಿಯಂಗಿಲ್ಲ."

"ನಂಗೂ ಹಂಗೇ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನೀವು ಟೈಪ್ ಮಾಡಾಕೆ ಎತ್ತಿದ ಕೈ. ಎಲ್ಲಾರ ನೋಟ್ಸೂ ಒಂದ್ಕಡೆ ಸೇರ್ಸಿ ನಾಕು ಹಾಳಿ ಮಾಡಿ ಕೊಡ್ರಲ್ಲ. ಪುಣ್ಯ ಬರ್ತೈತೆ," ಎಂದರು.

ಹೀಗೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಎಲ್ಲರೂ ತಮ್ಮ ನೋಟ್ಸಿನ ಫೋಟೋ ತೆಗೆದು ಕಳಿಸಿದರು. ಒಬ್ಬೊಬ್ಬರದೂ ಒಂದೊಂದು ಥರ. ಮೇಷ್ಟ್ರುಗಳದ್ದು ಗೆರೆ ಎಳೆದ ಕೋಷ್ಟಕ. ಟೀಚರದ್ದು ಬಣ್ಣದ ಪೆನ್ಸಿಲ್ಲಿನಲ್ಲಿ, ಗುರುವಿಗೆ ಕೆಂಪು, ಲಘುವಿಗೆ ಹಸಿರು. ಅಣ್ಣಾರ ಅಕ್ಷರ ಮಾತ್ರ ಬಸ್ಸು ಓಡುವಾಗಲೇ ಬರೆದಂತೆ ಎತ್ತ ಬೇಕಾದರತ್ತ ಹೋಗಿತ್ತು. ಮೂರು ವಾರ, ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ, ಮಗಳ ಲ್ಯಾಪ್‌ಟಾಪಿನಲ್ಲಿ ಕೂತು ಅವನ್ನೆಲ್ಲ ಸೋಸಿದೆ. ಒಂದೇ ಮಾತನ್ನು ಹತ್ತು ಜನ ಹತ್ತು ರೀತಿ ಬರೆದಿದ್ದರೆ ಅದರಲ್ಲಿ ಚಿಕ್ಕದಾದದ್ದನ್ನು ಇಟ್ಟುಕೊಂಡೆ. ಕೊನೆಗೆ ನಾಲ್ಕು ಪುಟವಾಯಿತು. ಎಡಗಡೆ ಪದ್ಯಜಾತಿಯ ಹೆಸರು, ಬಲಗಡೆ ಲಕ್ಷಣ, ಕೆಳಗೆ ಪ್ರಸ್ತಾರ, ಅಂದರೆ ಗುರು ಲಘು ಗುರುತು, ಹಾಕಿ ನೋಡಲು ಪಠ್ಯದ ಯಾವ ಪುಟಕ್ಕೆ ಹೋಗಬೇಕು ಎಂಬ ಸೂಚನೆ. ನನ್ನ ಬೆರಳಿಗೆ ನುಡಿ ತಂತ್ರಾಂಶವೇ ರೂಢಿ. ಆದರೆ ಆ ಅಕ್ಷರ ಎಷ್ಟೋ ಫೋನುಗಳಲ್ಲಿ ಹುಳ ಹರಿದಂತೆ ಕಾಣುತ್ತದೆಂದು ಗೊತ್ತಿದ್ದರಿಂದ ಪಿಡಿಎಫ್ ಮಾಡಿದೆ.

ವಾಟ್ಸಾಪ್ ಗುಂಪಿಗೆ ಹಾಕಿದರೆ ಸಾಕು ಎಂದು ಕೆಲವರು ಅಂದರು. ಬೇಡ ಎಂದವರು ನಮಗೆ ಪಾಠ ಮಾಡುತ್ತಿದ್ದ ನಿವೃತ್ತ ಉಪನ್ಯಾಸಕರು. "ಆ ಗುಂಪಿನಲ್ಲಿ ಹೂವಿನ ಚಿತ್ರ, ಶುಭೋದಯದ ಕೆಳಗೆ ಅದು ಹೂತು ಹೋಗುತ್ತೆ ಕಣಮ್ಮ. ಮೇಲ್ ಮಾಡು. ಬೇಕಾದಾಗ ಹುಡುಕಿದರೆ ಸಿಗುತ್ತೆ. ಮತ್ತೆ ಸುಮ್ಮನೆ ಕಳಿಸಬೇಡ, ಹೇಗೆ ಓದಬೇಕು ಅಂತ ಎರಡು ಮಾತು ಬರಿ. ಸಾರಾಂಶ ಓದಿದವರು ಪುಸ್ತಕವನ್ನೇ ಓದಿದೆವು ಅಂದುಕೊಳ್ಳುತ್ತಾರೆ," ಎಂದರು. ಪ್ರವೇಶದ ಅರ್ಜಿಗೆ ಇ-ಮೇಲ್ ಕಡ್ಡಾಯವಾಗಿದ್ದರಿಂದ ಎಲ್ಲರಿಗೂ ಒಂದೊಂದು ವಿಳಾಸವಿತ್ತು. ಎಷ್ಟೋ ಜನಕ್ಕೆ ಅದನ್ನು ಮಾಡಿಕೊಟ್ಟದ್ದು ಸೈಬರ್ ಅಂಗಡಿಯವರು. ಪಾಸ್‌ವರ್ಡ್ ಗೊತ್ತಿದ್ದದ್ದೂ ಅವರಿಗೇ.

ನಾಲ್ಕು ಪುಟ ಮಾಡುವುದಕ್ಕಿಂತ ಆ ಎರಡು ಮಾತು ಬರೆಯುವುದೇ ಕಷ್ಟವಾಯಿತು. ನಾನು ಮೊದಲು ಬರೆದದ್ದನ್ನು ಟೀಚರ್‌ಗೆ ಫೋನಿನಲ್ಲಿ ಓದಿ ಹೇಳಿದೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಮೂಲಕ ಎಲ್ಲಾ ಸಹಪಾಠಿಗಳ ಗಮನಕ್ಕೆ ತರಬಯಸುವುದೇನೆಂದರೆ, ಲಗತ್ತಿಸಿರುವ ನಾಲ್ಕು ಪುಟಗಳ ಸಾರಾಂಶವನ್ನು..."

ಆ ಕಡೆಯಿಂದ ನಗು ತಡೆಯುವ ಸದ್ದು ಬಂತು.

"ಯಾಕೆ?"

"ಅಕ್ಕಾ, ಸಿಟ್ಟಾಗಬ್ಯಾಡ. ಸ್ಟೇಷನ್ನಿಂದ ನೋಟೀಸ್ ಬಂದಂಗೈತಿ. ಓದಾಕೆ ಮುಂಚೆ ವಕೀಲರನ್ನ ಹುಡುಕ್ತಾರೆ."

ನನಗೂ ನಗು ಬಂತು. "ಮತ್ತೆ ಹೆಂಗೆ ಬರೀಲಿ?"

"ನಂಗೆ ಹೇಳ್ದಂಗೆ ಬರಿ."

ಅವಳು ಹೇಳಿದಂತೆ, ಅವಳನ್ನೇ ಎದುರಿಗೆ ಕೂರಿಸಿಕೊಂಡಂತೆ ನೆನೆದು ಬರೆದೆ. ಅದು ಈಗಲೂ ನನ್ನ ಕಳಿಸಿದ ಮೇಲ್‌ಗಳಲ್ಲಿದೆ:

"ಗೆಳೆಯರೇ, ನಾವೆಲ್ಲ ಸೇರಿ ಕೊಟ್ಟ ನೋಟ್ಸಿನಿಂದ ಮಾಡಿದ ಛಂದಸ್ಸಿನ ನಾಲ್ಕು ಹಾಳೆ ಇದರ ಜೊತೆಗಿದೆ. ಒಂದು ಕೋರಿಕೆ. ತಕ್ಷಣ ತೆರೆಯಬೇಡಿ. ಮೊದಲು ಒಂದು ಖಾಲಿ ಹಾಳೆ ತೆಗೆದುಕೊಂಡು ಕಂದಪದ್ಯದ ಬಗ್ಗೆ ನಿಮಗೆ ನೆನಪಿರುವಷ್ಟನ್ನು ನೋಡದೆ ಬರೆಯಿರಿ. ಆಮೇಲೆ ಇದನ್ನು ತೆರೆದು ಹೋಲಿಸಿ. ತಪ್ಪಿದ್ದಕ್ಕೆ, ಬಿಟ್ಟುಹೋದದ್ದಕ್ಕೆ ಗುರುತು ಹಾಕಿ, ಎರಡು ದಿನ ಬಿಟ್ಟು ಅದನ್ನಷ್ಟೇ ಮತ್ತೆ ನೋಡದೆ ಬರೆಯಿರಿ. ಮಿಕ್ಕ ಪದ್ಯಜಾತಿಗಳಿಗೂ ಹಾಗೇ. ದಿನಕ್ಕೊಂದು ಪದ್ಯಕ್ಕೆ ಪ್ರಸ್ತಾರ ಹಾಕಿ, ಇಲ್ಲಿರುವ ಲಕ್ಷಣ ಅದಕ್ಕೆ ಹೊಂದುತ್ತದೆಯೇ ನೋಡಿ. ಇದು ಪುಸ್ತಕದ ಬದಲಿಗೆ ಅಲ್ಲ. ಇದಕ್ಕೂ ಪುಸ್ತಕಕ್ಕೂ ವ್ಯತ್ಯಾಸ ಕಂಡರೆ ಪುಸ್ತಕವನ್ನು ನಂಬಿ, ನನಗೆ ತಿಳಿಸಿ."

ಕಳಿಸಿದೆ. ಎರಡು ವಿಳಾಸ ತಪ್ಪಾಗಿ ವಾಪಸು ಬಂದವು. ಅವರಿಗೆ ಸರಿಯಾದದ್ದನ್ನು ಕೇಳಿ ಮತ್ತೆ ಕಳಿಸಿದೆ. ಸಂಜೆಯ ಹೊತ್ತಿಗೆ ವಾಟ್ಸಾಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬ ಮೇಷ್ಟ್ರು ನಾಲ್ಕೂ ಪುಟವನ್ನು ಲ್ಯಾಮಿನೇಷನ್ ಮಾಡಿಸಿ ಫೋಟೋ ಹಾಕಿದರು. ಹೊಳೆಯುವ ಆ ಹಾಳೆಗಳನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಫೋಟೋವನ್ನು ನಮ್ಮ ಸಾಹೇಬರಿಗೂ ತೋರಿಸಿದೆ.

ನಾಲ್ಕು ದಿನ ಕಳೆದ ಮೇಲೆ, ಜಮೀನಿನ ಬದುವಿನ ಜಗಳದ ದೂರೊಂದನ್ನು ಟೈಪ್ ಮಾಡುತ್ತಿದ್ದಾಗ ಫೋನಿನಲ್ಲಿ ಒಂದು ಮೇಲ್ ಬಂತು. ಅಣ್ಣಾರದ್ದು. ತೆರೆದರೆ ಒಳಗೆ ಏನೂ ಇಲ್ಲ. ವಿಷಯ ಎಂದು ಬರೆಯುವ ಜಾಗದಲ್ಲೇ ಅವರು ಇಡೀ ಪತ್ರ ತುರುಕಿದ್ದರು: "ಮೇಡಂ ನಮಸ್ಕಾರ ನೀವು ಹೇಳ್ದಂಗೆ ಮೊದಲು ನೋಡದೆ ಬರೆದೆ ಆಮೇಲೆ ತೆಗೆದು ನೋಡಿದೆ ಕಂದದಾಗೆ ಸಮಸ್ಥಾನದಲ್ಲಿ ಜಗಣ ಬರಬಾರದು ಅಂದೀರಿ ಅದರ ಕೆಳಗೆ ಆರನೇ ಗಣ ಜಗಣ ಇರಬೇಕು ಅಂದೀರಿ ಆರು ಸಮ ಅಲ್ಲೇನ್ರಿ."

ಮೊದಲು ನನಗೆ ಸಿಟ್ಟು ಬಂತು. ಸುಳ್ಳು ಹೇಳಲಾರೆ. ಇಪ್ಪತ್ತು ಜನ ಚೆನ್ನಾಗಿದೆ ಎಂದ ಮೇಲೆ ಒಬ್ಬರು ಹೀಗೆ ಕೇಳಿದರೆ ಸಿಟ್ಟೇ ಬರುವುದು. ದೂರು ಮುಗಿಸಿ, ಚೀಲದಿಂದ ಪಠ್ಯ ತೆಗೆದು, ಒಂದು ಕಂದಕ್ಕೆ ಪ್ರಸ್ತಾರ ಹಾಕಿದೆ. ಕಂದದಲ್ಲಿ ನಾಲ್ಕು ಸಾಲು. ಮೊದಲನೆಯದರಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯದರಲ್ಲಿ ಐದು. ಒಟ್ಟು ಎಂಟಾದರೆ ಅರ್ಧ ಪದ್ಯ. ಉಳಿದರ್ಧವೂ ಹಾಗೇ. ಲಘು, ಗುರು, ಲಘು ಸೇರಿದರೆ ಜಗಣ. ಎಣಿಸಿದೆ. ಆರನೆಯದರಲ್ಲಿ ಜಗಣ ಕೂತಿತ್ತು, ನನ್ನನ್ನೇ ನೋಡುತ್ತ. ಬರಬಾರದ್ದು ವಿಷಮ ಸ್ಥಾನದಲ್ಲಿ, ಒಂದು, ಮೂರು, ಐದು, ಏಳರಲ್ಲಿ. ನಾನು ವಿಷಮ ಎನ್ನುವಲ್ಲಿ ಸಮ ಎಂದು ಹೊಡೆದಿದ್ದೆ. ಎಲ್ಲರ ನೋಟ್ಸಿನಲ್ಲೂ ಸರಿಯಾಗಿಯೇ ಇತ್ತು. ತಪ್ಪು ನನ್ನದೊಬ್ಬಳದೇ.

ಠಾಣೆಯಲ್ಲಿ ಒಂದು ಪದ ಹೆಚ್ಚು ಕಡಿಮೆಯಾದರೆ ಏನಾಗುತ್ತದೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು ನಾನು. ಕಿವಿ ಬಿಸಿಯಾಯಿತು. ಅಣ್ಣಾರಿಗೆ ಫೋನ್ ಮಾಡಿದೆ. ಅವರು ಬಸ್ಸಿನಲ್ಲಿದ್ದರು, ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಅಣ್ಣಾರೆ, ನೀವು ಹೇಳಿದ್ದೇ ಸರಿ. ನಂದು ತಪ್ಪಾಗೈತೆ."

"ಹೌದೇನ್ರಿ! ನಾನು ನಂದೇ ತಪ್ಪು ಅಂತ ನಾಕು ಸಲ ಎಣಿಸಿದೆ ನೋಡ್ರಿ. ನಮ್ಮಂಥೋರ ತಲಿಗೆ ಹತ್ತಂಗಿಲ್ಲ ಅಂದ್ಕೊಂಡಿದ್ದೆ," ಎಂದರು. ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ನನ್ನ ತಪ್ಪಿನಿಂದ ಒಬ್ಬರಿಗಾದರೂ ಒಳ್ಳೆಯದಾಯಿತಲ್ಲ ಅನ್ನಿಸಿತು. "ಒಂದ್ ನಿಮಿಷ ಇರ್ರಿ ಮೇಡಂ," ಎಂದು ಯಾರಿಗೋ ಇಳಿಯಲು ಹೇಳಿ, ಮತ್ತೆ ಬಂದರು. "ನಾನು ಹೆಂಗೆ ನೆನಪಿಟ್ಕೊಂಡೀನಿ ಗೊತ್ತೇನ್ರಿ? ಟಿಕೇಟು. ಲಘು ಗುರು ಲಘು. ಟಿಕೆಟ್ ಅಂದ್ರೆ ಆಗಂಗಿಲ್ಲ, ಟಿಕೇಟು ಅಂತ ಎಳೀಬೇಕು. ಇನ್ನ ಇಳಿಯಿರಿ. ನಾಕೂ ಲಘು. ಆರನೇ ಸೀಟಿನಾಗೆ ಒಂದೋ ಟಿಕೇಟು ಕೂರಬೇಕು, ಇಲ್ಲಾ ಇಳಿಯಿರಿ ಕೂರಬೇಕು. ಬ್ಯಾರೆ ಯಾರ್ಗೂ ಜಾಗ ಇಲ್ಲ."

ನಾನು ಜಗಣ ಅಥವಾ ಸರ್ವಲಘು ಎಂದು ಗಂಭೀರವಾಗಿ ಬರೆದಿದ್ದನ್ನು ಅವರು ಬಸ್ಸಿಗೆ ಹತ್ತಿಸಿದ್ದರು. ನಾನು ನಕ್ಕಿದ್ದು ಕೇಳಿ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವತ್ತೇ ಎರಡನೆಯ ಮೇಲ್ ಬರೆದೆ. ಮೊದಲ ಪುಟದ ಒಂಬತ್ತನೆಯ ಸಾಲಿನಲ್ಲಿ ತಪ್ಪಿದೆ, ಅದು ನನ್ನಿಂದ ಆದದ್ದು, ಕಂಡುಹಿಡಿದವರು ಜಗಳೂರಿನ ನಮ್ಮ ಅಣ್ಣಾರು, ಸರಿಪಡಿಸಿದ ಪ್ರತಿ ಇದರಲ್ಲಿದೆ, ಹಳೆಯದನ್ನು ಅಳಿಸಿಬಿಡಿ. ಆದರೆ ಸಮಾಧಾನವಾಗಲಿಲ್ಲ. ಮೊದಲ ಮೇಲನ್ನು ಪೂರ್ತಿ ಓದಿದವರೇ ಇಬ್ಬರೋ ಮೂವರೋ. ಮಿಕ್ಕವರು ಹಾಳೆಯನ್ನು ಇಳಿಸಿಕೊಂಡು ನನ್ನ ಮಾತನ್ನು ಬಿಟ್ಟಿದ್ದರು. ಅದಕ್ಕೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಲ್ಯಾಮಿನೇಷನ್ ಮೇಷ್ಟ್ರು, "ಅಯ್ಯೋ, ಇದರ ಮೇಲೆ ಪೆನ್ನು ಹತ್ತಲ್ಲ ಮೇಡಂ," ಎಂದು ಸಂಕಟಪಟ್ಟರು. ಟೀಚರ್ ಮಾತ್ರ ಫೋನ್ ಎತ್ತಲಿಲ್ಲ. ಮರುದಿನ ಎತ್ತಿದಾಗ ವಿಷಯ ಹೇಳಿದೆ.

"ಅಕ್ಕಾ, ನಾನು ಅದನ್ನ ಬಾಯಿಪಾಠ ಮಾಡೀನಿ," ಎಂದಳು. "ರಾಗ ಹಾಕಿ."

ಪರೀಕ್ಷೆಗೆ ಹತ್ತು ದಿನವಿತ್ತು. ಆ ವಾರದ ರಜೆಯ ದಿನ ಹೊನ್ನಾಳಿಗೆ ಹೋಗಿ ಅಲ್ಲಿಂದ ಬಸವಾಪಟ್ಟಣಕ್ಕೆ ಬಸ್ಸು ಹತ್ತಿದೆ.

ಅಂಗನವಾಡಿ ಮುಗಿಯುವ ಹೊತ್ತು. ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬರುತ್ತಿದ್ದರು. ಅವಳು ನನ್ನನ್ನು ಕಂಡು ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಕೊನೆಯ ಮಗು ಹೋದ ಮೇಲೆ ನಾವಿಬ್ಬರೂ ಚಾಪೆಯ ಮೇಲೆ ಕೂತೆವು. ಗೋಡೆಯಲ್ಲಿ ತರಕಾರಿಗಳ ಚಿತ್ರದ ಪಕ್ಕ ನನ್ನ ಹಾಳೆಯ ಮೊದಲ ಪುಟ ಅಂಟಿಸಿತ್ತು, ಅಂಚಿಗೆಲ್ಲ ಬಣ್ಣ ಬಳಿದಿತ್ತು.

"ನಾನು ಮೇಲ್‌ನಾಗೆ ಏನು ಬರೆದಿದ್ದೆ? ನೋಡದೆ ಬರಿ ಅಂದಿದ್ದೆ ತಾನೇ?"

"ಓದಿದ್ದೆ ಅಕ್ಕಾ. ಖಾಲಿ ಹಾಳಿ ಮುಂದಿಟ್ಕೊಂಡು ಕುಂತೆ. ಒಂದಕ್ಷರ ಬರಲಿಲ್ಲ. ಹೆದ್ರಿಕೆ ಆತು. ಹೋದ ವರ್ಷ ಪರೀಕ್ಷೆ ಹಾಲಿನಾಗೆ ಹಿಂಗೇ ಕುಂತಿದ್ದೆ. ಅದಕ್ಕೆ ಹಾಡು ಮಾಡ್ಬಿಟ್ಟೆ."

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಖಾಲಿ ಹಾಳೆ ನನಗೊಂದು ಉಪಾಯ, ಅವಳಿಗೆ ಹೋದ ವರ್ಷದ ಸೋಲು. ಹೇಗೆ ಓದಬೇಕೆಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದೆ. "ಹಾಡು, ಕೇಳಾಣ," ಎಂದೆ.

ಮಕ್ಕಳಿಗೆ ಹೇಳಿಕೊಡುವ ಧಾಟಿಯಲ್ಲಿ, ತೊಡೆಯ ಮೇಲೆ ತಾಳ ಹಾಕುತ್ತ ಅವಳು ಕಂದದ ಲಕ್ಷಣವನ್ನೆಲ್ಲ ಹಾಡಿದಳು. ನಾನು ಮೂರು ವಾರ ಸೋಸಿದ ಒಣ ಸಾಲುಗಳು ಅವಳ ಬಾಯಲ್ಲಿ ಕುಣಿಯುತ್ತಿದ್ದವು. "ಸಮ ಸ್ಥಾನದಲಿ ಜಗಣ ಬಾರದು" ಎಂಬಲ್ಲಿಗೆ ಬಂದು ತಟ್ಟನೆ ನಿಲ್ಲಿಸಿದಳು. "ಇಲ್ಲಿ ವಿಷಮ ಹಾಕಿದ್ರೆ ತಾಳ ತಪ್ಪತೈತಿ ಅಕ್ಕಾ. ನಿನ್ನೆಯಿಂದ ನೋಡಾಕತ್ತೀನಿ. ಬಾಯಿ ಹಳೇದಕ್ಕೇ ಹೋಗತೈತಿ."

ಇಬ್ಬರೂ ಹಾಡಿ ನೋಡಿದೆವು. ನಿಜ. ವಿಷಮ ಮೂರಕ್ಷರ, ಸಮ ಎರಡು. ನನಗೆ ಹಾಡಲು ಬರುವುದಿಲ್ಲ. ನನ್ನ ದನಿ ಕೇಳಿ ಅವಳಿಗೆ ನಗು ಬಂದದ್ದಷ್ಟೇ ಲಾಭ. ಹೀಗೆ ಒಂದಷ್ಟು ಹೊತ್ತು ಒದ್ದಾಡಿದ ಮೇಲೆ ಅವಳ ಕಣ್ಣು ಗೋಡೆಯ ಅಂಕಿಗಳ ಪಟದ ಮೇಲೆ ಹೋಯಿತು.

"ಅಕ್ಕಾ! ವಿಷಮ ಯಾಕೆ ಬೇಕು? ಬೆಸ ಅನ್ನಾಣ. ಸಮ, ಬೆಸ. ಬೆಸ ಸ್ಥಾನದಲಿ ಜಗಣ ಬಾರದು!"

ಬೆಸವೂ ಸಮದಂತೆ ಎರಡೇ ಅಕ್ಷರ. ಒಂದು ಮಾತ್ರೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಎದ್ದು ನಿಂತು, ಮೊದಲಿಂದ ಕೊನೆಯವರೆಗೆ ಎರಡು ಸಲ ಹಾಡಿದಳು. ಎಲ್ಲೂ ಎಡವಲಿಲ್ಲ. ನಾನು ಅವಳ ಬಣ್ಣದ ಪೆನ್ಸಿಲ್ ತೆಗೆದು ಗೋಡೆಯ ಹಾಳೆಯಲ್ಲಿ ಸಮ ಎಂಬುದನ್ನು ಹೊಡೆದು ಬೆಸ ಎಂದು ಬರೆದೆ. ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು, "ಈಗ ಹಾಡ್ಕೋತಾ ಬರಿ. ನಾನು ಇಲ್ಲೇ ಕುಂತಿರ್ತೀನಿ," ಎಂದೆ. ಅವಳು ಗೊಣಗುತ್ತ ಬರೆದಳು. ಹಾಳೆ ತುಂಬಿತು. ತುಂಬಿದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು, ಬೇರೆ ಯಾರೋ ಬರೆದದ್ದೆಂಬಂತೆ.

ಪರೀಕ್ಷೆಯ ದಿನ ಅಣ್ಣಾರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಒಳಗೆ ಹೋಗುವ ಮುಂಚೆ ಮೂವರೂ ಬೇವಿನ ಮರದ ಕೆಳಗೆ ನಿಂತೆವು. ಯಾರೂ ಪುಸ್ತಕ ತೆರೆಯಲಿಲ್ಲ. ಅಣ್ಣಾರು, "ಹೊನ್ನಾಳಿ?" ಎಂದರು. ಟೀಚರ್, "ಗುರು, ಗುರು, ಲಘು. ತಗಣ," ಎಂದಳು. "ನ್ಯಾಮತಿ?" "ಗುರು, ಲಘು, ಲಘು. ಭಗಣ." "ಸಾಕು, ಒಳಗೆ ನಡೀರಿ," ಎಂದರು.

ಪ್ರಶ್ನೆಪತ್ರಿಕೆಯಲ್ಲಿ ಕಂದದ ಲಕ್ಷಣವನ್ನು ಉದಾಹರಣೆಯೊಂದಿಗೆ ವಿವರಿಸಿ ಎಂಬುದು ಬಂದಿತ್ತು. ನಾನು ಅದನ್ನು ಬರೆದು ಮುಗಿಸಿ, ಟೀಚರ್ ಕೂತಿದ್ದ ಹಿಂದಿನ ಸಾಲಿನ ಕಡೆ ಕಿವಿಗೊಟ್ಟೆ. ಎಲ್ಲೋ ಬಹಳ ಮೆಲ್ಲಗೆ ಬೆರಳಿನಲ್ಲಿ ಬೆಂಚು ತಟ್ಟುವ ಸದ್ದು ಬರುತ್ತಿತ್ತು. ಕೊಠಡಿಯ ಮೇಲ್ವಿಚಾರಕಿ ಒಮ್ಮೆ ಅತ್ತ ನೋಡಿ ಸುಮ್ಮನಾದರು.

ಟೀಚರ್ ಪಾಸಾದಳು. ನನಗೆ ಅವಳಿಗಿಂತ ನಾಲ್ಕು ಅಂಕ ಹೆಚ್ಚು ಬಂತು. ಅಣ್ಣಾರಿಗೆ ನಮ್ಮಿಬ್ಬರಿಗಿಂತಲೂ ಹೆಚ್ಚು. ಫಲಿತಾಂಶ ಬಂದ ದಿನ ಅವರು ಫೋನ್ ಮಾಡಿ, ತಮ್ಮ ಹೆಂಡತಿಗೂ ಕೊಟ್ಟರು. "ಮನಿಯಾಗೆ ಉಪ್ಪು ಕೇಳಿದ್ರೂ ಗುರು ಲಘು ಅಂತಾರ್ರಿ. ಇನ್ನೊಂದು ವರ್ಷ ನಾ ಹೆಂಗೆ ತಾಳ್ಲಿ?" ಎಂದು ಆಕೆ ನಗುತ್ತ ದೂರಿದರು. ದೂರು ಬರೆದುಕೊಳ್ಳುವುದೇ ನನ್ನ ಕೆಲಸ ಎಂದು ಸಮಾಧಾನ ಹೇಳಿದೆ.

ಈಗ ನಾವು ಎರಡನೆಯ ವರ್ಷದಲ್ಲಿದ್ದೇವೆ. ಈ ಸಲ ಎಲ್ಲರೂ ಹೆದರಿರುವುದು ಭಾಷಾವಿಜ್ಞಾನಕ್ಕೆ. ಸಾರಾಂಶದ ಹಾಳೆ ಮಾಡುವ ಕೆಲಸವನ್ನು ಟೀಚರ್ ತಾನೇ ಕೇಳಿ ತೆಗೆದುಕೊಂಡಿದ್ದಾಳೆ. ಎಲ್ಲರಿಗೂ ಕಳಿಸುವ ಮೊದಲು ಒಂದು ವಾರ ಅದು ಅಣ್ಣಾರ ಕೈಯಲ್ಲಿರಬೇಕೆಂದು ಮೂವರೂ ಒಪ್ಪಿಕೊಂಡಿದ್ದೇವೆ.